ಒಂದು ಕೈಯಲ್ಲಿ ಕಾಫಿ ಬೀಜ, ಇನ್ನೊಂದು ಕೈಯಲ್ಲಿ ಬಳಪ: ಇಂಗಾಲದ ಬಗ್ಗೆ ಐದು ನಿಮಿಷದ ಭಾಷಣ ಕಟ್ಟುವ ಬಗೆ

ಫೆಬ್ರವರಿ 28ರ ವಿಜ್ಞಾನ ದಿನ ಹತ್ತಿರ ಬಂತೆಂದರೆ ಸಕಲೇಶಪುರದ ಈ ಕಡೆ ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಎಲ್ಲರೂ ಹೂಮಳೆಗೆ ಕಾಯುತ್ತಿರುತ್ತಾರೆ, ನಮ್ಮ ಹೈಸ್ಕೂಲಿನ ಮಕ್ಕಳು ಭಾಷಣಕ್ಕೆ ವಿಷಯ ಹುಡುಕುತ್ತಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿರುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೇ ತಯಾರು ಮಾಡಿದ ಹುಡುಗನೊಬ್ಬ ತಾಲ್ಲೂಕು ಮಟ್ಟದಲ್ಲಿ 'ಇಂಗಾಲ ಯಾಕೆ ಇಷ್ಟೊಂದು ಸಂಯುಕ್ತಗಳನ್ನು ಮಾಡುತ್ತದೆ' ಎಂದು ಮಾತಾಡಿದ. ಬಾಯಿಪಾಠ ಚೆನ್ನಾಗಿತ್ತು, ದನಿಯೂ ಚೆನ್ನಾಗಿತ್ತು. ಇಂಗಾಲದ ವೇಲೆನ್ಸಿ ನಾಲ್ಕು, ಅದಕ್ಕೇ ಅದು ಲಕ್ಷಾಂತರ ಸಂಯುಕ್ತ ಮಾಡುತ್ತದೆ ಎಂದು ಮುಗಿಸಿದ. ತೀರ್ಪುಗಾರರಾಗಿ ಕೂತಿದ್ದ ಮೇಡಂ ಒಂದೇ ಒಂದು ಪ್ರಶ್ನೆ ಕೇಳಿದರು: "ಸಿಲಿಕಾನ್‌ಗೂ ವೇಲೆನ್ಸಿ ನಾಲ್ಕೇ ಅಲ್ವೇನಪ್ಪ? ಅದು ಯಾಕೆ ಮಾಡಲ್ಲ?"

ಹುಡುಗ ನನ್ನ ಕಡೆ ನೋಡಿದ. ನಾನು ಅವನಿಗೆ ಅದನ್ನು ಹೇಳಿಕೊಟ್ಟಿರಲೇ ಇಲ್ಲ. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ಈ ವಿಷಯದ ಮೇಲೆ ಯಾರಿಗೆ ಭಾಷಣ ಬರೆಸಿದರೂ ಆ ಪ್ರಶ್ನೆಯಿಂದಲೇ ಶುರುಮಾಡಿಸುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳೂ ಓದಬಹುದು, ಅವರನ್ನು ತಯಾರು ಮಾಡುವ ಮೇಷ್ಟ್ರು, ಮಿಸ್ಸುಗಳೂ ಓದಬಹುದು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳಿ

'ಬೇರೆ ಧಾತುಗಳು ಯಾಕೆ ಮಾಡಲ್ಲ' ಎಂದು ಹೊರಟರೆ ನೂರಕ್ಕೂ ಹೆಚ್ಚು ಧಾತುಗಳಿಗೆ ಉತ್ತರ ಕೊಡಬೇಕು. ಐದು ನಿಮಿಷದಲ್ಲಿ ಅದು ಆಗದ ಕೆಲಸ. ಒಂದೇ ಧಾತುವನ್ನು ಎದುರಿಗೆ ನಿಲ್ಲಿಸಿಕೊಳ್ಳಿ, ಅದು ಸಿಲಿಕಾನ್. ಆವರ್ತಕ ಕೋಷ್ಟಕದಲ್ಲಿ ಇಂಗಾಲದ ಮನೆಯ ನೇರ ಕೆಳಗಿನ ಮನೆ ಅದರದ್ದು. ಇಂಗಾಲದ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನು, ಇದರಲ್ಲೂ ನಾಲ್ಕೇ. ದಾಸ್ತಾನಿನಲ್ಲಂತೂ ಸಿಲಿಕಾನೇ ಶ್ರೀಮಂತ. ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು 28 ಭಾಗ ಸಿಲಿಕಾನ್, ಇಂಗಾಲವೋ ಸಾವಿರಕ್ಕೆ ಒಂದು ಭಾಗವೂ ಇಲ್ಲ. ಬಂಧ ಹಾಕುವ ಕೈಗಳು ನಾಲ್ಕಿವೆ, ಸರಕು ಬೇಕಾದಷ್ಟಿದೆ, ಆದರೂ ಅದು ಜೀವದ ಧಾತು ಆಗಲಿಲ್ಲ. ಯಾಕೆ? ಇಷ್ಟೇ ನಿಮ್ಮ ಭಾಷಣ. ಇದಕ್ಕೆ ಉತ್ತರ ಸಿಕ್ಕಿದರೆ ಉಳಿದ ಧಾತುಗಳ ಕಥೆ ಎರಡು ವಾಕ್ಯದಲ್ಲಿ ಮುಗಿಯುತ್ತದೆ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಕಣ್ಣೆದುರು ಇಡುವುದು ಸುಲಭ. ಒಂದು ಕೈಯಲ್ಲಿ ಕಾಫಿ ಬೀಜ ಹಿಡಿಯಿರಿ. ಅದರೊಳಗಿನ ಸಕ್ಕರೆ, ನಾರು, ಎಣ್ಣೆ, ಕೆಫೀನ್ ಎಲ್ಲವೂ ಇಂಗಾಲದ ಸರಪಳಿ, ಇಂಗಾಲದ ಉಂಗುರ. ಹುರಿದಾಗ ಬರುವ ಘಮದಲ್ಲೇ ಎಂಟುನೂರಕ್ಕೂ ಹೆಚ್ಚು ಬೇರೆಬೇರೆ ಸಂಯುಕ್ತಗಳನ್ನು ಗುರುತಿಸಿದ್ದಾರೆ. ಇನ್ನೊಂದು ಕೈಯಲ್ಲಿ ಬಳಪದ ಕಲ್ಲಿನ ಚೂರು ಹಿಡಿಯಿರಿ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಿಲಾಬಾಲಿಕೆಯರನ್ನು ಕಡೆದದ್ದು ಇದೇ ಜಾತಿಯ ಮೆದು ಕಲ್ಲಿನಲ್ಲಿ. ಅದರ ಜೀವಾಳ ಸಿಲಿಕಾನ್ ಮತ್ತು ಆಮ್ಲಜನಕದ ಹಾಳೆಗಳು. ಹಾಳೆಯ ಮೇಲೆ ಹಾಳೆ ಸುಲಭವಾಗಿ ಜಾರುವುದರಿಂದಲೇ ಕಲ್ಲು ಉಳಿಗೆ ಮೆದು, ಸ್ಲೇಟಿನ ಮೇಲೆ ಗೆರೆ ಎಳೆಯುತ್ತದೆ. ನಾಲ್ಕು ಕೈಯ ಅಣ್ಣತಮ್ಮಂದಿರಲ್ಲಿ ಒಬ್ಬ ಕಾಫಿ ಬೀಜ ಆದ, ಒಬ್ಬ ಕಲ್ಲಾದ. ಭಾಷಣ ಉದ್ದಕ್ಕೂ ಈ ಎರಡು ವಸ್ತು ಕೈಯಲ್ಲೇ ಇರಲಿ.

ಎರಡನೇ ಹೆಜ್ಜೆ: ನಾಲ್ಕು ಅಂಕಿ, ಅದಕ್ಕಿಂತ ಹೆಚ್ಚು ಬೇಡ

ಕಾರಣವೆಲ್ಲ ಬಂಧದ ಬಲದಲ್ಲಿದೆ. ಒಂದು ಬಂಧ ಬಿಡಿಸಲು ಎಷ್ಟು ಶಕ್ತಿ ಖರ್ಚಾಗುತ್ತದೆ ಎನ್ನುವುದನ್ನು ಮೋಲ್‌ಗೆ ಇಷ್ಟು ಕಿಲೋಜೂಲ್ ಎಂದು ಅಳೆಯುತ್ತಾರೆ. ಮಕ್ಕಳು ನೆನಪಿಡಬೇಕಾದ ಅಂಕಿ ನಾಲ್ಕೇ:

ಇಂಗಾಲ–ಇಂಗಾಲ: ಸುಮಾರು 348
ಇಂಗಾಲ–ಆಮ್ಲಜನಕ: ಸುಮಾರು 358
ಸಿಲಿಕಾನ್–ಸಿಲಿಕಾನ್: ಸುಮಾರು 226
ಸಿಲಿಕಾನ್–ಆಮ್ಲಜನಕ: ಸುಮಾರು 452

ಪುಸ್ತಕದಿಂದ ಪುಸ್ತಕಕ್ಕೆ ಈ ಅಂಕಿಗಳು ನಾಲ್ಕೈದು ಹೆಚ್ಚುಕಡಿಮೆ ಇರುತ್ತವೆ, ಸಿಲಿಕಾನ್‌ನವು ಇನ್ನೂ ಸ್ವಲ್ಪ. ಅದಕ್ಕೇ 'ಸುಮಾರು' ಎಂಬ ಮಾತನ್ನು ಬಿಡಬೇಡಿ. ವೇದಿಕೆಯ ಮೇಲೆ ಕಿಲೋಜೂಲ್ ಎಂದು ಹೇಳಲೂ ಬೇಡಿ, ಬರೀ ಹೋಲಿಸಿ. ಇಂಗಾಲಕ್ಕೆ ತನ್ನವರ ಕೈ ಹಿಡಿದರೂ ಒಂದೇ, ಆಮ್ಲಜನಕದ ಕೈ ಹಿಡಿದರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅದು ಒಂದೇ ಅಣುವಿನಲ್ಲಿ ಇಬ್ಬರನ್ನೂ ಇಟ್ಟುಕೊಂಡು ಬಾಳುತ್ತದೆ. ಸಕ್ಕರೆಯಲ್ಲಿ ನೋಡಿ, ಇಂಗಾಲದ ಸಾಲೂ ಇದೆ, ಪಕ್ಕದಲ್ಲೇ ಆಮ್ಲಜನಕವೂ ಇದೆ. ಸಿಲಿಕಾನ್‌ಗೆ ಮಾತ್ರ ಆಮ್ಲಜನಕದ ನಂಟು ತನ್ನವರ ನಂಟಿಗಿಂತ ಎರಡರಷ್ಟು ಗಟ್ಟಿ. ಆಮ್ಲಜನಕ ಎದುರಿಗೆ ಬಂದರೆ ತನ್ನವರ ಕೈ ಬಿಟ್ಟು ಅದನ್ನೇ ಹಿಡಿಯುತ್ತದೆ. ನಮ್ಮ ಭೂಮಿಯಲ್ಲಿ ಆಮ್ಲಜನಕ ಇಲ್ಲದ ಜಾಗ ಎಲ್ಲಿದೆ? ಗಾಳಿಯಲ್ಲಿದೆ, ನೀರಿನಲ್ಲಿದೆ. ಸಿಲಿಕಾನ್ ಎಲ್ಲ ಹೋಗಿ ಮರಳು, ಬೆಣಚುಕಲ್ಲು, ಬಳಪದ ಕಲ್ಲು ಆಗಿ ಕೂತುಬಿಟ್ಟಿದೆ.

ಸಿಲಿಕಾನ್–ಸಿಲಿಕಾನ್ ಬಂಧ ಯಾಕೆ ಸಡಿಲ ಎಂದು ಕೇಳಿದರೆ ಗಾತ್ರದಿಂದ ಹೇಳಿ. ಎರಡು ಇಂಗಾಲಗಳ ನಡುವಿನ ದೂರ 154 ಪಿಕೋಮೀಟರ್, ಎರಡು ಸಿಲಿಕಾನ್‌ಗಳ ನಡುವೆ 235. ಪರಮಾಣು ದೊಡ್ಡದಾದಷ್ಟೂ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎರಡೂ ಕೇಂದ್ರಗಳಿಂದ ದೂರ ಉಳಿಯುತ್ತದೆ, ಹಿಡಿತ ಕಡಿಮೆಯಾಗುತ್ತದೆ.

ಸೌದೆ ಯಾಕೆ ಉರಿಯುತ್ತೆ ಸಾರ್?

ಇಲ್ಲಿಯವರೆಗೆ ಹೇಳಿಕೊಟ್ಟು ನಾನು ನಿರಾಳವಾಗಿದ್ದೆ. ಒಂದು ಸಂಜೆ ಅಭ್ಯಾಸದ ಹೊತ್ತಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದುಕೊಂಡದ್ದನ್ನು ಮಡಚಿಟ್ಟು ಕೇಳಿದಳು: "ಸಾರ್, ಇಂಗಾಲಕ್ಕೆ ಆಮ್ಲಜನಕದ ಮೇಲೆ ಅಷ್ಟೇನೂ ಆಸೆ ಇಲ್ಲ ಅಂದ್ರೆ ನಮ್ಮನೆ ಒಲೇಲಿ ಸೌದೆ ಯಾಕೆ ಉರಿಯುತ್ತೆ?"

ಸರಿಯಾದ ಪ್ರಶ್ನೆ. ನಾಲ್ಕು ಅಂಕಿ ಅರ್ಧ ಸತ್ಯ ಮಾತ್ರ ಹೇಳುತ್ತವೆ ಎನ್ನುವುದನ್ನು ಅವಳು ಹಿಡಿದುಬಿಟ್ಟಿದ್ದಳು. 358 ಎನ್ನುವುದು ಇಂಗಾಲ ಆಮ್ಲಜನಕವನ್ನು ಒಂಟಿ ಬಂಧದಲ್ಲಿ ಹಿಡಿದಾಗ. ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆದಾಗ ಅದು ಎರಡು ಆಮ್ಲಜನಕಗಳನ್ನೂ ಜೋಡಿ ಬಂಧದಲ್ಲಿ ಹಿಡಿದಿರುತ್ತದೆ, ಒಂದೊಂದರ ಬಲ ಸುಮಾರು 800. ಅಂದರೆ ಕೊನೆಗೆ ಇಂಗಾಲಕ್ಕೂ ಆಮ್ಲಜನಕವೇ ಲಾಭ. ಸೌದೆ ಉರಿದು ಶಾಖ ಕೊಡುವುದು ಅದಕ್ಕೇ.

ಹಾಗಾದರೆ ಕ್ಲಾಸಿನ ಮರದ ಬೆಂಚು ಈಗಲೇ ಯಾಕೆ ಹತ್ತಿಕೊಳ್ಳುವುದಿಲ್ಲ? ಗಾಳಿ ಸುತ್ತಲೂ ಇದೆಯಲ್ಲ? ಇಂಗಾಲಕ್ಕೂ ಸಿಲಿಕಾನ್‌ಗೂ ನಿಜವಾದ ವ್ಯತ್ಯಾಸ ಇಲ್ಲಿದೆ. ಲಾಭ ಇದೆ, ಆದರೆ ಮಧ್ಯೆ ಒಂದು ಎತ್ತರದ ಬೇಲಿಯೂ ಇದೆ. ಇಂಗಾಲ ಸಣ್ಣ ಪರಮಾಣು. ಸುತ್ತ ನಾಲ್ಕು ಜನ ಕೂತರೆಂದರೆ ಅದರ ಹೊರಕವಚ ಎಂಟು ಎಲೆಕ್ಟ್ರಾನಿಗೆ ತುಂಬಿತು, ಜಾಗವೂ ಮುಗಿಯಿತು. ಐದನೆಯವರು ಬಂದು ಕೈ ಹಾಕಲು ಸಂದಿಯೇ ಇಲ್ಲ. ಯಾವುದಾದರೂ ಹಳೆಯ ಬಂಧ ಮೊದಲು ಸಡಿಲವಾಗಬೇಕು, ಅದಕ್ಕೆ ಬೆಂಕಿಕಡ್ಡಿಯ ಶಾಖ ಬೇಕು. ಸಿಲಿಕಾನ್ ದೊಡ್ಡದು. ನಾಲ್ಕು ಜನ ಕೂತ ಮೇಲೂ ಐದನೆಯವರಿಗೆ, ಆರನೆಯವರಿಗೆ ಜಾಗವಿರುತ್ತದೆ. ಹಾಗಾಗಿ ನೀರೋ ಆಮ್ಲಜನಕವೋ ನೇರ ಬಂದು ಹೊಸ ಬಂಧ ಹಾಕಿ, ಆಮೇಲೆ ಹಳೆಯದನ್ನು ಬಿಡಿಸಬಹುದು.

ಇದಕ್ಕೆ ಸಾಕ್ಷಿ ಎರಡು. ಇಂಗಾಲದ ಟೆಟ್ರಾಕ್ಲೋರೈಡನ್ನು, ಅಂದರೆ CCl4 ಅನ್ನು, ನೀರಿಗೆ ಹಾಕಿದರೆ ಅದು ತಳದಲ್ಲಿ ಸುಮ್ಮನೆ ಕೂರುತ್ತದೆ. SiCl4 ಗಾಳಿಯ ತೇವ ತಾಗಿದರೇ ಹೊಗೆಯಾಡುತ್ತದೆ. ಎರಡನೆಯದು ಇನ್ನೂ ಚೆಂದ. ನಾಲ್ಕು ಹೈಡ್ರೋಜನ್ ಕಟ್ಟಿಕೊಂಡ ಇಂಗಾಲ ಮೀಥೇನ್, CH4. ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದು ಅದೇ, ಕಡ್ಡಿ ಗೀರದೆ ಅದು ಹತ್ತುವುದಿಲ್ಲ. ನಾಲ್ಕು ಹೈಡ್ರೋಜನ್ ಕಟ್ಟಿಕೊಂಡ ಸಿಲಿಕಾನ್ ಸಿಲೇನ್, SiH4. ಅದು ಗಾಳಿಗೆ ಬಂದರೆ ಯಾರೂ ಕಡ್ಡಿ ಗೀರಬೇಕಾಗಿಲ್ಲ, ತಾನೇ ಹತ್ತಿಕೊಳ್ಳುತ್ತದೆ. ಇದೇ ರೀತಿ ಸಿಲಿಕಾನ್ ಸಾಲು ಉದ್ದ ಮಾಡುತ್ತಾ ಹೋದರೆ ಎಂಟು ಹತ್ತು ಪರಮಾಣು ದಾಟುವುದೇ ಕಷ್ಟ, ಅದೂ ಗಾಳಿ ಸೋಕದ ಪಾತ್ರೆಯಲ್ಲಿ. ಇಂಗಾಲದ ಸಾಲು ಪ್ಲಾಸ್ಟಿಕ್ ಚೀಲದಲ್ಲಿ ಸಾವಿರಾರು ಪರಮಾಣುಗಳ ಉದ್ದ ಇದ್ದು, ಬೇಲಿಗೆ ಸಿಕ್ಕಿಕೊಂಡು ವರ್ಷಗಟ್ಟಲೆ ಮಳೆಗಾಳಿಯಲ್ಲಿ ಬಿದ್ದಿರುತ್ತದೆ. ಈ ಹೋಲಿಕೆಯನ್ನು ಭಾಷಣದಿಂದ ಯಾವ ಕಾರಣಕ್ಕೂ ತೆಗೆಯಬೇಡಿ.

ಆ ಹುಡುಗಿಯ ಪ್ರಶ್ನೆಯನ್ನೇ ಭಾಷಣದ ನಡುವಿಗೆ ಹಾಕಿದೆವು. "ನಿಮ್ಮ ಮನಸ್ಸಿನಲ್ಲಿ ಈಗ ಒಂದು ಪ್ರಶ್ನೆ ಬಂದಿರಬಹುದು" ಎಂದು ಅವಳು ಹೇಳಿದಾಗ ಸಭೆಯಲ್ಲಿದ್ದವರು ತಲೆ ಎತ್ತಿದರು.

ಮೂರನೇ ಹೆಜ್ಜೆ: ಸಕ್ಕರೆ ಮತ್ತು ಮರಳಿನ ಚಮಚ

ಒಂದೇ ಒಂದು ಪ್ರಯೋಗ ಸಾಕು. ಎರಡು ಸ್ಟೀಲ್ ಚಮಚ, ಎರಡು ಮೋಂಬತ್ತಿ, ಹಿಡಿಯಲು ಎರಡು ಇಕ್ಕಳ. ಒಂದು ಚಮಚದಲ್ಲಿ ಅರ್ಧ ಟೀ ಚಮಚೆಯಷ್ಟು ಸಕ್ಕರೆ, ಇನ್ನೊಂದರಲ್ಲಿ ಅಷ್ಟೇ ತೊಳೆದು ಒಣಗಿಸಿದ ಹೊಳೆಮರಳು. ಎರಡನ್ನೂ ಉರಿಯ ಮೇಲೆ ಹಿಡಿದರೆ ಸಕ್ಕರೆ ಕರಗಿ, ಕಂದಾಗಿ, ವಾಸನೆ ಬಂದು, ಕೊನೆಗೆ ಕರ್ರಗೆ ಉಬ್ಬುತ್ತದೆ. ಮರಳು ಬಿಸಿಯಾಗುತ್ತದೆ, ಅಷ್ಟೇ. ಸಕ್ಕರೆಯ ನೀರಿನಂಶ ಹೋಗಿ ಇಂಗಾಲ ಉಳಿಯಿತು. ಮರಳಿನ ಸಿಲಿಕಾನ್ ಯಾವತ್ತೋ ನಾಲ್ಕೂ ಕೈ ಆಮ್ಲಜನಕಕ್ಕೆ ಕೊಟ್ಟಾಗಿದೆ, ಅದರಲ್ಲಿ ಉರಿಯಲು ಇನ್ನೇನೂ ಉಳಿದಿಲ್ಲ.

ಎಡವುವ ಜಾಗಗಳು ಇಲ್ಲಿ ಹಲವು. ಮೊದಲನೆಯದು ಸಭಾಂಗಣದ ಫ್ಯಾನು. ನಮ್ಮ ಮೊದಲ ಪ್ರಯತ್ನದಲ್ಲಿ ಮೋಂಬತ್ತಿ ಮೂರು ಸಲ ಆರಿತು, ಹುಡುಗಿ ಮಾತು ಮರೆತಳು. ಫ್ಯಾನ್ ಆರಿಸುವವರು ಯಾರು ಎಂದು ಮೊದಲೇ ಗೊತ್ತುಮಾಡಿ. ಎರಡನೆಯದು ಹೊತ್ತು. ಸಕ್ಕರೆ ಕಪ್ಪಾಗಲು ಎರಡು ಮೂರು ನಿಮಿಷ ಬೇಕು, ಭಾಷಣದ ಮೊದಲ ವಾಕ್ಯಕ್ಕೇ ಚಮಚ ಉರಿಯ ಮೇಲಿರಬೇಕು. ಮೂರನೆಯದು ಮಸಿ. ಚಮಚದ ತಳದಲ್ಲಿ ಕೂರುವ ಕಪ್ಪು ಮೋಂಬತ್ತಿಯದ್ದು, ಸಕ್ಕರೆಯದ್ದಲ್ಲ. ಮರಳಿನ ಚಮಚದ ತಳವೂ ಕಪ್ಪಾಗಿರುತ್ತದೆ. ಅದನ್ನು ತೋರಿಸಿ ಯಾರಾದರೂ "ಮರಳಲ್ಲೂ ಇಂಗಾಲ ಬಂತಲ್ಲ" ಎಂದರೆ ಉತ್ತರ ಗೊತ್ತಿರಲಿ. ಸಭೆಗೆ ಚಮಚದ ಒಳಭಾಗವನ್ನೇ ತೋರಿಸಿ. ಇನ್ನೊಂದು ಮಾತು: ಕರಗಿದ ಸಕ್ಕರೆ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಕುದಿಯುವ ನೀರಿಗಿಂತ ಕೆಟ್ಟದಾಗಿ. ಚಮಚಗಳನ್ನು ಮೇಷ್ಟ್ರೇ ಹಿಡಿಯಲಿ, ಮಗು ಮಾತಾಡಲಿ. ಪಕ್ಕದಲ್ಲಿ ಒಂದು ಬಟ್ಟಲು ನೀರು ಇರಲಿ.

ನಾಲ್ಕನೇ ಹೆಜ್ಜೆ: ಕೋಟಿ ಹೇಗೆ ಬಂತು ಎಂದು ತೋರಿಸುವುದು

ಸಾಲು ಗಟ್ಟಿ ಎಂದು ಹೇಳಿದ ಮಾತ್ರಕ್ಕೆ ಲಕ್ಷ, ಕೋಟಿ ಹೇಗೆ ಬಂತೆಂದು ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಎಣಿಸಿ ತೋರಿಸಬೇಕು. ಇಲ್ಲೇ ಆಲೂಗಡ್ಡೆ ಕೆಲಸಕ್ಕೆ ಬರುತ್ತದೆ. ಹಾಸನದ ಸಂತೆಯಲ್ಲಿ ಗೋಲಿ ಗಾತ್ರದ ಪುಟ್ಟ ಆಲೂಗಡ್ಡೆ ಅಗ್ಗಕ್ಕೆ ಸಿಗುತ್ತದೆ, ಅದು ಇಂಗಾಲ. ಹಿಂದಿನ ರಾತ್ರಿ ನೆನೆಸಿದ ಕಡಲೆಕಾಳು ಹೈಡ್ರೋಜನ್. ತೆಂಗಿನ ಕಡ್ಡಿ ಪೊರಕೆಯ ತುಂಡುಗಳು ಬಂಧ. ಜೇಡಿಮಣ್ಣಿನಲ್ಲೂ ಮಾಡಿ ನೋಡಿದೆವು, ಬೆಳಗಾಗುವಷ್ಟರಲ್ಲಿ ಬಿರುಕುಬಿಟ್ಟು ಕಡ್ಡಿ ಉದುರಿತ್ತು. ಕಡಲೆಕಾಳು ಹಾಗಲ್ಲ, ಒಣಗುತ್ತಾ ಕುಗ್ಗಿ ಕಡ್ಡಿಯನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಮಾದರಿಯನ್ನು ಹಿಂದಿನ ಸಂಜೆಯೇ ಕಟ್ಟಿಡಿ. ಆಲೂಗಡ್ಡೆಗೆ ನಾಲ್ಕು ಕಡ್ಡಿ ಚುಚ್ಚುವಾಗ ಪ್ಲಸ್ ಗುರುತಿನ ಹಾಗೆ ಚಪ್ಪಟೆಯಾಗಿ ಚುಚ್ಚಬೇಡಿ. ಮೂರು ಕಡ್ಡಿ ಮುಕ್ಕಾಲಿಯ ಕಾಲಿನಂತೆ ಕೆಳಗೆ, ಒಂದು ನೆಟ್ಟಗೆ ಮೇಲೆ. ಇಂಗಾಲದ ಕೈಗಳು ನಿಜವಾಗಿ ಚಾಚಿಕೊಂಡಿರುವುದು ಹಾಗೆಯೇ.

ಮೊದಲು ನಾಲ್ಕು ಇಂಗಾಲ, ಹತ್ತು ಹೈಡ್ರೋಜನ್: C4H10, ಬ್ಯೂಟೇನ್. ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ ಪ್ರೋಪೇನ್ ಜೊತೆ ಇರುವುದು ಇದೇ. ನಾಲ್ಕು ಆಲೂಗಡ್ಡೆಯನ್ನು ಸಾಲಾಗಿ ಜೋಡಿಸಿದರೆ ಒಂದು ಅಣು. ಮೂರನ್ನು ಸಾಲಾಗಿ ಇಟ್ಟು ನಾಲ್ಕನೆಯದನ್ನು ನಡುವಿನದಕ್ಕೆ ಕೊಂಬೆಯಾಗಿ ಚುಚ್ಚಿದರೆ ಇನ್ನೊಂದು ಅಣು. ಕಡಲೆ ಎಣಿಸಿ, ಎರಡರಲ್ಲೂ ಹತ್ತೇ. ಕಡ್ಡಿ ಎಣಿಸಿ, ಎರಡರಲ್ಲೂ ಹದಿಮೂರೇ. ಸರಕು ಅದೇ, ಕಟ್ಟಡ ಬೇರೆ. ಇವುಗಳಿಗೆ ಪಠ್ಯದಲ್ಲಿ ರಚನಾ ಸಮಾಂಗಿಗಳು ಎಂದು ಹೆಸರು.

"ಸುಮ್ಮನೆ ತಿರುಗಿಸಿ ಇಟ್ಟಿದ್ದೀರಿ, ವಸ್ತು ಒಂದೇ ಅಲ್ಲವೇ" ಎನ್ನುವವರಿಗೆ ಐದು ಇಂಗಾಲದ C5H12 ತೋರಿಸಿ. ಇದನ್ನು ಮೂರು ಬಗೆಯಲ್ಲಿ ಕಟ್ಟಬಹುದು: ನೇರ ಸಾಲು, ಒಂದು ಕೊಂಬೆಯದ್ದು, ಮತ್ತು ನಡುವಿನ ಒಂದು ಇಂಗಾಲಕ್ಕೆ ಉಳಿದ ನಾಲ್ಕೂ ಅಂಟಿಕೊಂಡ ಉಂಡೆ. ನೇರ ಸಾಲಿನದು ಕುದಿಯುವುದು 36 ಡಿಗ್ರಿಯಲ್ಲಿ, ಕೊಂಬೆಯದ್ದು 28ರಲ್ಲಿ, ಉಂಡೆಯಂಥದ್ದು 9.5ರಲ್ಲಿ. ಫೆಬ್ರವರಿ ಕೊನೆಯ ಮಧ್ಯಾಹ್ನ ಹಾಸನದಲ್ಲಿ 30 ಡಿಗ್ರಿ ಇದೆ ಎಂದುಕೊಳ್ಳಿ. ಮೂರನ್ನೂ ತೆರೆದ ಸೀಸೆಯಲ್ಲಿ ಮೇಜಿನ ಮೇಲಿಟ್ಟರೆ ಮೊದಲನೆಯದು ದ್ರವವಾಗಿರುತ್ತದೆ, ಎರಡನೆಯದು ಕುದಿಯುತ್ತಿರುತ್ತದೆ, ಮೂರನೆಯದು ಎಂದೋ ಅನಿಲವಾಗಿ ಹೋಗಿರುತ್ತದೆ. ಇಟ್ಟು ತೋರಿಸುವ ವಸ್ತುಗಳಲ್ಲ ಇವು, ಕಿಡಿ ತಾಗಿದರೆ ಹತ್ತಿಕೊಳ್ಳುತ್ತವೆ. ಮಾತಿನಲ್ಲಿ ಚಿತ್ರ ಕಟ್ಟಿದರೆ ಸಾಕು.

ಮೂರು ಪೆಂಟೇನ್ ಮಾದರಿಗೆ ಬೇಕಾದ್ದು 15 ಆಲೂಗಡ್ಡೆ, 36 ಕಡಲೆ, 48 ಕಡ್ಡಿ. ಕಟ್ಟುವಾಗ ಮಕ್ಕಳು ಖಂಡಿತ ಒಂದು ತಪ್ಪು ಮಾಡುತ್ತಾರೆ. ನಮ್ಮಲ್ಲೊಬ್ಬ "ಸಾರ್, ನಾಲ್ಕನೆಯದು ಸಿಕ್ಕಿತು" ಎಂದು ಓಡಿ ಬಂದ. ಅವನ ಕೈಯಲ್ಲಿದ್ದದ್ದು ಮೂಲೆಯಲ್ಲಿ ಬಗ್ಗಿದ ಸಾಲು. ಒಂದು ತುದಿಯ ಆಲೂಗಡ್ಡೆಯಿಂದ ಬೆರಳಿಟ್ಟು ಎಣಿಸುತ್ತಾ ಹೋಗು ಎಂದೆ. ಬೆರಳು ಎಲ್ಲೂ ಎತ್ತದೆ ಐದೂ ಮುಗಿದವು. ಅಂದಮೇಲೆ ಅದು ಬಗ್ಗಿದ ನೇರ ಸಾಲೇ, ಹೊಸದಲ್ಲ. ಹಗ್ಗ ಸುತ್ತಿಟ್ಟ ಮಾತ್ರಕ್ಕೆ ಬೇರೆ ಹಗ್ಗ ಆಗುತ್ತದೆಯೇ? ಕಪ್ಪುಹಲಗೆಯ ಮೇಲೆ ಬರೆದರೆ ಈ ಮೋಸ ಇನ್ನೂ ಹೆಚ್ಚು, ಅದಕ್ಕೇ ನಾನು ಕೈಯಲ್ಲಿ ಕಟ್ಟಿಸುವುದು.

ಆಮೇಲೆ ಎಣಿಕೆ ಓಡಲಿ. ಆರು ಇಂಗಾಲಕ್ಕೆ 5, ಏಳಕ್ಕೆ 9, ಎಂಟಕ್ಕೆ 18, ಹತ್ತಕ್ಕೆ 75. ಇಪ್ಪತ್ತು ಇಂಗಾಲಕ್ಕೆ 3,66,319. ಮೂವತ್ತಕ್ಕೆ ನಾನೂರು ಕೋಟಿ ದಾಟುತ್ತದೆ. ಇದು ಬರೀ ಇಂಗಾಲ ಮತ್ತು ಹೈಡ್ರೋಜನ್, ಬರೀ ಒಂಟಿ ಬಂಧ, ಉಂಗುರವೂ ಇಲ್ಲ, ಆಮ್ಲಜನಕ, ಸಾರಜನಕ ಯಾವುದೂ ಸೇರಿಲ್ಲ. ಆದರೆ ಒಂದು ಎಚ್ಚರ: ಇವು ಕಾಗದದ ಮೇಲೆ ಸಾಧ್ಯವಿರುವ ರಚನೆಗಳ ಲೆಕ್ಕ. ಇಷ್ಟನ್ನೂ ಯಾರೋ ಸೀಸೆಯಲ್ಲಿ ತುಂಬಿಟ್ಟಿದ್ದಾರೆ ಎಂದು ಹೇಳಬೇಡಿ. ಇದುವರೆಗೆ ಗೊತ್ತಾದ ಇಂಗಾಲದ ಸಂಯುಕ್ತಗಳು ಎಷ್ಟು ಎಂದು ಖಚಿತ ಅಂಕಿಯನ್ನೂ ಹೇಳಬೇಡಿ. ದಿನದಿನವೂ ಹೊಸದು ಸೇರುತ್ತಿರುತ್ತದೆ, ಹಳೆಯ ಪುಸ್ತಕದ ಅಂಕಿ ಹಿಡಿದು ನಿಂತರೆ ತೀರ್ಪುಗಾರರು ಹಿಡಿದುಬಿಡುತ್ತಾರೆ. 'ಕೋಟಿಗಟ್ಟಲೆ' ಎಂದರೆ ಸಾಕು.

ಸಮಯ ಉಳಿದರೆ ಯೂರಿಯಾ ಚೀಲವನ್ನು ನೆನಪಿಸಿ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾ ಪಡೆದ. ಅಲ್ಲಿಯವರೆಗೆ ಮೂತ್ರದಲ್ಲಿ ಸಿಗುತ್ತಿದ್ದ ವಸ್ತು ಅದು, ಜೀವಿಯ ದೇಹ ಮಾತ್ರ ಮಾಡಬಲ್ಲದು ಎಂದು ನಂಬಿದ್ದರು. ಎರಡರಲ್ಲೂ ಪರಮಾಣುಗಳ ಲೆಕ್ಕ ಒಂದೇ: ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಹೈಡ್ರೋಜನ್. ಜೋಡಣೆ ಬದಲಾಯಿತು, ಲವಣ ಹೋಗಿ ಗೊಬ್ಬರ ಬಂತು. ಜೋಳಕ್ಕೆ ಯೂರಿಯಾ ಹಾಕುವ ಮನೆಯ ಮಗುವಿಗೆ ಸಮಾಂಗಿ ಎಂದರೇನೆಂದು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಉಳಿದ ಧಾತುಗಳಿಗೆ ಎರಡು ವಾಕ್ಯ

ಸಾರಜನಕ, ಆಮ್ಲಜನಕಗಳೂ ಇಂಗಾಲದಷ್ಟೇ ಸಣ್ಣವು, ಆದರೆ ಅವುಗಳ ಮೇಲೆ ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿಗಳು ಕೂತಿರುತ್ತವೆ. ಎರಡು ಪರಮಾಣು ಹತ್ತಿರ ಬಂದರೆ ಆ ಜೋಡಿಗಳು ಒಂದನ್ನೊಂದು ತಳ್ಳುತ್ತವೆ, ಒಂಟಿ ಬಂಧದ ಬಲ 150ರ ಆಸುಪಾಸಿಗೆ ಇಳಿಯುತ್ತದೆ. ಎರಡು ಆಮ್ಲಜನಕ ಸಾಲಾಗಿರುವ ಹೈಡ್ರೋಜನ್ ಪೆರಾಕ್ಸೈಡ್ ಮೆಡಿಕಲ್ ಶಾಪಿನ ಸೀಸೆಯಲ್ಲೇ ನಿಧಾನವಾಗಿ ಒಡೆಯುತ್ತಿರುತ್ತದೆ, ಬೆಳಕು ತಾಗದ ಬಣ್ಣದ ಸೀಸೆಯಲ್ಲಿ ಇಡುವುದು ಅದಕ್ಕೇ. ಗಂಧಕ ಸಾಲು ಕಟ್ಟುತ್ತದೆ, ಎಂಟರ ಉಂಗುರವನ್ನೂ ಮಾಡುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಎರಡೇ ಕೈ. ಎರಡೂ ಸಾಲಿಗೇ ಖರ್ಚಾದರೆ ಕೊಂಬೆ ಎಲ್ಲಿಂದ ಬರಬೇಕು? ಎರಡು ವಾಕ್ಯ ಎಂದು ಹೇಳಿ ಹೆಚ್ಚು ಬರೆದೆ, ಭಾಷಣದಲ್ಲಿ ಗಂಧಕವೊಂದನ್ನು ಇಟ್ಟುಕೊಂಡರೂ ನಡೆಯುತ್ತದೆ.

ಆಡುವ ಮಾತು

ಬರೆದದ್ದನ್ನು ಹಾಗೇ ಓದಿಸಬೇಡಿ. ನಮ್ಮ ಹುಡುಗಿಯ ಭಾಷಣ ಶುರುವಾದದ್ದು ಹೀಗೆ:

"ಎಲ್ಲರಿಗೂ ನಮಸ್ಕಾರ. ನನ್ನ ಈ ಕೈಯಲ್ಲಿ ನಮ್ಮ ತೋಟದ ಕಾಫಿ ಬೀಜ ಇದೆ. ಈ ಕೈಯಲ್ಲಿ ನಮ್ಮಜ್ಜಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪ ಇದೆ. ಬೀಜದಲ್ಲಿ ಇಂಗಾಲ, ಬಳಪದಲ್ಲಿ ಸಿಲಿಕಾನ್. ಇಬ್ಬರಿಗೂ ನಾಲ್ಕು ಕೈ. ಬೀಜವನ್ನು ಮಣ್ಣಿಗೆ ಹಾಕಿದರೆ ಗಿಡ ಆಗುತ್ತದೆ. ಬಳಪವನ್ನು ಹಾಕಿದರೆ ನೂರು ವರ್ಷ ಬಿಟ್ಟು ಅಗೆದರೂ ಬಳಪವೇ ಸಿಗುತ್ತದೆ. ನಾಲ್ಕು ಕೈ ಇದ್ದರೆ ಸಾಕು ಎಂದು ನಾನೂ ತಿಳಿದಿದ್ದೆ. ಸಾಕಾಗುವುದಿಲ್ಲ. ಆ ಕೈ ಯಾರನ್ನು ಹಿಡಿಯುತ್ತದೆ, ಎಷ್ಟು ಗಟ್ಟಿ ಹಿಡಿಯುತ್ತದೆ ಎಂಬುದನ್ನು ಈಗ ನೋಡೋಣ. ಅಷ್ಟರಲ್ಲಿ ನಮ್ಮ ಸಾರ್ ಎರಡು ಚಮಚ ಬಿಸಿ ಮಾಡುತ್ತಿರುತ್ತಾರೆ."

ಇಲ್ಲಿಂದ ಮುಂದೆ ನಾಲ್ಕು ಅಂಕಿಯ ಹೋಲಿಕೆ, ಸೌದೆಯ ಪ್ರಶ್ನೆ, ಮೀಥೇನ್ ಮತ್ತು ಸಿಲೇನ್, ಚಮಚಗಳು, ಕೊನೆಗೆ ಆಲೂಗಡ್ಡೆ. ಈ ಕ್ರಮ ಕೆಡಬಾರದು. ಆಲೂಗಡ್ಡೆ ಮೊದಲು ಬಂದರೆ ಸಭೆ ಮಾದರಿಯನ್ನೇ ನೋಡುತ್ತಾ ಕೂರುತ್ತದೆ, ಕಾರಣ ಯಾರ ಕಿವಿಗೂ ಬೀಳುವುದಿಲ್ಲ. ಅವಳ ಪೂರ್ತಿ ಮಾತು ನಾನೂರು ಪದ ಚಿಲ್ಲರೆ ಇತ್ತು, ಚಮಚ ತೋರಿಸಲು ನಿಲ್ಲಿಸಿದ್ದೂ ಸೇರಿ ಐದು ನಿಮಿಷ ಹಿಡಿಯಿತು.

'ಕೈ' ಎನ್ನುವ ಹೋಲಿಕೆ ಎಲ್ಲಿಯವರೆಗೆ ನಡೆಯುತ್ತದೆ ಎನ್ನುವುದೂ ಮಗುವಿಗೆ ಗೊತ್ತಿರಲಿ. ಬಂಧವೆಂದರೆ ಎರಡು ಪರಮಾಣು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುವುದು, ಧಾತುವಿಗೆ ಆಸೆಯೂ ಇಲ್ಲ, ನಂಟೂ ಇಲ್ಲ. ಕೇಳಿದರೆ ಹಾಗೆ ಹೇಳಬೇಕು.

ಕೇಳಬಹುದಾದ ಪ್ರಶ್ನೆಗಳು

ಮೊಬೈಲಿನ ಚಿಪ್ ಸಿಲಿಕಾನ್‌ನದ್ದೇ ಅಲ್ಲವೇ, ಅದು ಯಾಕೆ ಗಾಳಿಯಲ್ಲಿ ಮರಳಾಗುವುದಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುತ್ತದೆ, ಮೇಲ್ಮೈ ಮಾತ್ರ. ಗಾಳಿ ತಾಗಿದ ಸಿಲಿಕಾನ್ ಹರಳಿನ ಮೇಲೆ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ, ಆ ಪೊರೆಯೇ ಒಳಗಿನದನ್ನು ಕಾಯುತ್ತದೆ. ಬಿಡಿ ಅಣುವಿಗೆ ಅಂಥ ಒಳಗು ಇಲ್ಲ, ಅದರದ್ದೆಲ್ಲ ಮೇಲ್ಮೈಯೇ.

ಸಿಲಿಕಾನ್ ಸಂಯುಕ್ತಗಳೂ ಸಾವಿರಗಟ್ಟಲೆ ಇವೆಯಲ್ಲ ಎಂದರೆ ಹೌದೆನ್ನಿ. ಸಿಲಿಕೇಟ್ ಖನಿಜಗಳೇ ಸಾವಿರಕ್ಕೂ ಹೆಚ್ಚು. ಆದರೆ ಅವುಗಳಲ್ಲಿ ಸಿಲಿಕಾನ್ ಪಕ್ಕ ಸಿಲಿಕಾನ್ ಇರುವುದಿಲ್ಲ, ನಡುವೆ ಆಮ್ಲಜನಕ ಕೂತಿರುತ್ತದೆ.

ಇಂಗಾಲದ ಡೈಆಕ್ಸೈಡ್ ಅನಿಲ, ಸಿಲಿಕಾನ್ ಡೈಆಕ್ಸೈಡ್ ಕಲ್ಲು, ಇದು ಹೇಗೆ ಎಂಬುದು ಒಳ್ಳೆಯ ಪ್ರಶ್ನೆ. ಸಣ್ಣ ಇಂಗಾಲ ಆಮ್ಲಜನಕಕ್ಕೆ ತೀರಾ ಹತ್ತಿರ ಹೋಗಿ ಜೋಡಿ ಬಂಧ ಹಾಕುತ್ತದೆ, ಎರಡು ಆಮ್ಲಜನಕಕ್ಕೆ ಅದರ ನಾಲ್ಕೂ ಕೈ ಮುಗಿದು ಅಣು ಬಿಡಿಯಾಗಿ ಹಾರಾಡುತ್ತದೆ. ಅದನ್ನು ಕಾಫಿ ಎಲೆ ಒಳಗೆಳೆದುಕೊಂಡು ಸಕ್ಕರೆ ಮಾಡಬಲ್ಲದು. ಸಿಲಿಕಾನ್‌ಗೆ ಆ ಹತ್ತಿರ ದಕ್ಕುವುದಿಲ್ಲ. ಅದು ನಾಲ್ಕು ಬೇರೆಬೇರೆ ಆಮ್ಲಜನಕಗಳನ್ನು ಒಂಟಿ ಬಂಧದಲ್ಲಿ ಹಿಡಿಯುತ್ತದೆ, ಆ ಪ್ರತಿಯೊಂದು ಆಮ್ಲಜನಕ ಇನ್ನೊಂದು ಸಿಲಿಕಾನನ್ನು ಹಿಡಿಯುತ್ತದೆ. ಹೀಗೆ ಹೆಣೆದು ಹೆಣೆದು ಬೆಣಚುಕಲ್ಲು.

ಕೊನೆಯದು, ಆ ತೀರ್ಪುಗಾರ ಮೇಡಂ ಮತ್ತೊಂದು ವರ್ಷ ನಮ್ಮ ಹುಡುಗಿಗೆ ಕೇಳಿದ್ದು: "ಹಾಗಾದ್ರೆ ಸಿಲಿಕಾನ್ ಉದ್ದ ಸರಪಳಿ ಮಾಡೋದೇ ಇಲ್ಲ ಅಂತೀಯಾ?" ಇದಕ್ಕೆ ಇಲ್ಲ ಎಂದರೆ ತಪ್ಪು. ಅವಳು ಹೇಳಿದಳು: "ಮಾಡುತ್ತೆ ಮೇಡಂ. ಹೈಡ್ರೋಜನ್ ಬದಲು ಸಾಲಿನ ಎರಡೂ ಪಕ್ಕಕ್ಕೆ ಇಂಗಾಲದ ಗುಂಪುಗಳನ್ನು ಕಟ್ಟಿದರೆ ಆಮ್ಲಜನಕಕ್ಕೆ ಒಳಗೆ ನುಗ್ಗೋಕೆ ದಾರಿ ಸಿಗಲ್ಲ, ಆಗ ಸಾವಿರಾರು ಸಿಲಿಕಾನ್‌ಗಳ ಸಾಲು ಉಳಿಯುತ್ತೆ. ಅದಕ್ಕೆ ಪಾಲಿಸಿಲೇನ್ ಅಂತಾರೆ. ಆದರೆ ಅದಕ್ಕೂ ಇಂಗಾಲದ ಕಂಬಳಿ ಹೊದಿಸಬೇಕು." ಮೇಡಂ ಪೆನ್ನು ಕೆಳಗಿಟ್ಟು ಆ ಕಾಫಿ ಬೀಜವನ್ನು ಒಮ್ಮೆ ಕೊಡಮ್ಮ ಎಂದು ಕೈ ಚಾಚಿದರು.